ಕಡೆಯ ಓವರು ಯಾರ ಪಾಲಿಗೆ?

2022ನೆಯ ಇಸವಿ ಅಕ್ಟೋಬರ್ 23ರಂದು ಮೆಲ್ಬರ್ನ್ ಮೈದಾನದಲ್ಲಿ ಭಾರತ ಮತ್ತು ಪಾಕಿಸ್ತಾನ ತಂಡಗಳು ಇಪ್ಪತ್ತು ಓವರುಗಳ ವಿಶ್ವಕಪ್ ಪಂದ್ಯವೊಂದರಲ್ಲಿ ಎದುರುಬದುರಾದವು. ಕೊನೆಯ ಓವರು ಆರಂಭವಾಗುವ ಹೊತ್ತಿಗೆ ಭಾರತದ ಗೆಲುವಿಗೆ 6 ಎಸೆತಗಳಲ್ಲಿ 16 ರನ್ನು ಬೇಕಾಗಿದ್ದಿತು. 2024ನೆಯ ಇಸವಿ ಜೂನ್ 29ರಂದು ಬಾರ್ಬಡೋಸ್ ದ್ವೀಪದಲ್ಲಿ ಅದೇ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆಯಿತು. ಅಲ್ಲಿಯೂ ಕೊನೆಯ ಓವರಿನ ಮೊದಲು ದಕ್ಷಿಣ ಆಫ್ರಿಕಕ್ಕೆ ಬೇಕಾಗಿದ್ದುದು 6 ಎಸೆತಗಳಲ್ಲಿ 16 ರನ್ನು. ಮೆಲ್ಬರ್ನಿನಲ್ಲಿ ಬೌಲ್ ಮಾಡುತ್ತಿದ್ದ ತಂಡ ಸೋತಿತು. ಬಾರ್ಬಡೋಸಿನಲ್ಲಿ ಬೌಲ್ ಮಾಡುತ್ತಿದ್ದ ತಂಡ ಗೆದ್ದಿತು.

ಬಾಕಿ ಉಳಿದ ರನ್ನು ಒಂದೇ, ಎಸೆತಗಳ ಸಂಖ್ಯೆಯೂ ಒಂದೇ. ಆದರೆ ಚೆಂಡು ಯಾರ ಕೈಯಲ್ಲಿದ್ದಿತು ಎಂಬುದು ಬೇರೆ. ಮೆಲ್ಬರ್ನಿನಲ್ಲಿ ಅದು ನಿಧಾನಗತಿಯ ಸ್ಪಿನ್ ಬೌಲರೊಬ್ಬರ ಕೈಯಲ್ಲಿತ್ತು. ಬಾರ್ಬಡೋಸಿನಲ್ಲಿ ವೇಗದ ಬೌಲರೊಬ್ಬರ ಕೈಯಲ್ಲಿತ್ತು. ಈ ವ್ಯತ್ಯಾಸ ಕೊನೆಯ ಓವರಿನಲ್ಲಿ ಹುಟ್ಟಿದುದಲ್ಲ. ಅದಕ್ಕೆ ಎಷ್ಟೋ ಮೊದಲು, ಪಂದ್ಯದ ನಡುಭಾಗದಲ್ಲಿ, ನಾಯಕರಿಬ್ಬರೂ ತಮ್ಮ ಬೌಲರುಗಳ ಪಾಲಿನ ಓವರುಗಳನ್ನು ವೆಚ್ಚ ಮಾಡಿದ ರೀತಿಯಲ್ಲಿ ಅದರ ಬೇರುಗಳಿದ್ದವು.

ಇಪ್ಪತ್ತರಲ್ಲಿ ನಾಲ್ಕು

ಈ ಆಟದ ಕಟ್ಟಳೆ ಸರಳವಾದುದು. ಇನ್ನಿಂಗ್ಸಿನ ಒಟ್ಟು ಓವರುಗಳಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚನ್ನು ಯಾವ ಬೌಲರೂ ಎಸೆಯುವಂತಿಲ್ಲ. ಐವತ್ತು ಓವರುಗಳ ಪಂದ್ಯದಲ್ಲಿ ಒಬ್ಬನಿಗೆ ಹೆಚ್ಚೆಂದರೆ ಹತ್ತು. ಇಪ್ಪತ್ತು ಓವರುಗಳ ಪಂದ್ಯದಲ್ಲಿ ನಾಲ್ಕು. ಜೊತೆಗೆ, ಕ್ರಿಕೆಟ್ಟಿನ ಹಳೆಯ ನಿಯಮದಂತೆ, ಒಬ್ಬನೇ ಬೌಲರು ಬೆನ್ನುಬೆನ್ನಿಗೆ ಎರಡು ಓವರುಗಳನ್ನು ಎಸೆಯಲಾಗದು.

ಈ ಎರಡು ಕಟ್ಟುಗಳ ನಡುವೆ ನಾಯಕನ ಸಂಸಾರ ಸಾಗಬೇಕು. ಎಂಥ ಅಪ್ರತಿಮ ಬೌಲರಿದ್ದರೂ ಅವನಿಂದ ದೊರೆಯುವುದು 24 ಎಸೆತಗಳು ಮಾತ್ರ. ಉಳಿದ 96 ಎಸೆತಗಳನ್ನು ಇತರರಿಂದಲೇ ಹಾಕಿಸಬೇಕು. ಐವರು ಬೌಲರುಗಳಿದ್ದರೆ ಐದು ನಾಲ್ಕಲಿ ಇಪ್ಪತ್ತು, ಲೆಕ್ಕ ಸರಿಹೋಗುತ್ತದೆ. ಆದರೆ ಒಂದು ಓವರೂ ಮಿಗುವುದಿಲ್ಲ. ಐವರಲ್ಲಿ ಒಬ್ಬನು ಆ ದಿನ ಹೊಡೆತ ತಿಂದನೆಂದು ಅವನನ್ನು ಕೈಬಿಡುವಂತಿಲ್ಲ. ಅವನ ಪಾಲಿನ ನಾಲ್ಕನ್ನೂ ಎಲ್ಲಿಯಾದರೊಂದು ಕಡೆ ಹಾಕಿಸಿಯೇ ತೀರಬೇಕು.

ಎಲ್ಲ ಓವರುಗಳೂ ಸಮನಾದವುಗಳೂ ಅಲ್ಲ. ಮೊದಲ ಆರು ಓವರುಗಳಲ್ಲಿ ಮೂವತ್ತು ಗಜದ ವೃತ್ತದ ಹೊರಗೆ ಇಬ್ಬರು ಫೀಲ್ಡರುಗಳು ಮಾತ್ರ ನಿಲ್ಲಬಹುದು. ಹೊಸ ಚೆಂಡು ಗಾಳಿಯಲ್ಲಿ ತಿರುಗುವುದರಿಂದ ವಿಕೆಟ್ಟು ಬೀಳುವ ಸಂಭವವೂ ಉಂಟು. ಬೌಂಡರಿಗೆ ಕಾವಲಿಲ್ಲದುದರಿಂದ ರನ್ನು ಹರಿದುಹೋಗುವ ಭಯವೂ ಉಂಟು. ಏಳನೆಯ ಓವರಿನಿಂದ ಐವರು ಹೊರಗೆ ಹೋಗಬಹುದು. ಆಗ ಸ್ಪಿನ್ ಬೌಲರುಗಳಿಗೆ ಅನುಕೂಲ. ಬ್ಯಾಟ್ಸ್‌ಮನ್ನರು ಒಂದು, ಎರಡು ಓಡಿಕೊಂಡು ಕಾಲ ತಳ್ಳುತ್ತಾರೆ. ಕಡೆಯ ನಾಲ್ಕೈದು ಓವರುಗಳಲ್ಲಿ ವಿಕೆಟ್ಟಿನ ಮಮತೆ ಉಳಿಯುವುದಿಲ್ಲ. ಪ್ರತಿ ಎಸೆತವನ್ನೂ ಬೌಂಡರಿಯಾಚೆ ದಾಟಿಸುವ ಪ್ರಯತ್ನ ನಡೆಯುತ್ತದೆ. ಆ ಹೊತ್ತಿನಲ್ಲಿ ಬ್ಯಾಟ್ಸ್‌ಮನ್ನನ ಕಾಲ ಬುಡಕ್ಕೆ ಯಾರ್ಕರನ್ನು ಇಳಿಸಬಲ್ಲವನು, ವೇಗವನ್ನು ಥಟ್ಟನೆ ಕುಗ್ಗಿಸಿ ಮೋಸಗೊಳಿಸಬಲ್ಲವನು ಬೇಕು.

ಆದುದರಿಂದ ನಾಯಕನಾದವನು ಓವರುಗಳನ್ನು ಒಂದರಿಂದ ಮುಂದಕ್ಕೆ ಎಣಿಸದೆ, ಇಪ್ಪತ್ತರಿಂದ ಹಿಂದಕ್ಕೆ ಎಣಿಸುತ್ತಾನೆ. ಇಪ್ಪತ್ತನೆಯದು ಯಾರಿಗೆ, ಹತ್ತೊಂಬತ್ತನೆಯದು ಯಾರಿಗೆ, ಹದಿನೆಂಟನೆಯದು ಯಾರಿಗೆ ಎಂದು ಮೊದಲು ಗೊತ್ತುಮಾಡಿಕೊಂಡು, ಅಷ್ಟನ್ನು ತೆಗೆದಿರಿಸಿ, ಮಿಕ್ಕುದನ್ನು ವೆಚ್ಚಕ್ಕೆ ಇಟ್ಟುಕೊಳ್ಳುತ್ತಾನೆ. ತಿಂಗಳ ಮೊದಲ ದಿನವೇ ಮನೆಯ ಬಾಡಿಗೆ, ಹಾಲಿನವನ ಲೆಕ್ಕ ಇವುಗಳನ್ನು ಬೇರೆ ತೆಗೆದಿಡುವ ಗೃಹಿಣಿಯ ಜಾಣ್ಮೆಯೇ ಇದು.

ಮುಂದೂಡಿದ ಓವರು

ಮೆಲ್ಬರ್ನಿನಲ್ಲಿ ಪಾಕಿಸ್ತಾನದ ನಾಯಕ ಬಾಬರ್ ಆಜಮ್ ಅವರ ಬಳಿ ಮೂವರು ಉತ್ತಮ ವೇಗದ ಬೌಲರುಗಳಿದ್ದರು: ಶಾಹೀನ್ ಅಫ್ರಿದಿ, ನಸೀಮ್ ಷಾ ಮತ್ತು ಹಾರಿಸ್ ರವೂಫ್. ಸ್ಪಿನ್ನಿಗೆ ಶಾದಾಬ್ ಖಾನ್ ಮತ್ತು ಎಡಗೈ ಸ್ಪಿನ್ನರ್ ಮೊಹಮ್ಮದ್ ನವಾಜ್. ಆ ದಿನ ಬೌಲ್ ಮಾಡಿದವರು ಈ ಐವರೇ. ಭಾರತಕ್ಕೆ 160 ರನ್ನು ಬೇಕಾಗಿದ್ದಿತು. 31 ರನ್ನಾಗುವಷ್ಟರಲ್ಲಿ ನಾಲ್ಕು ವಿಕೆಟ್ಟುಗಳು ಉರುಳಿದ್ದವು. ವಿರಾಟ್ ಕೊಹ್ಲಿ ಮತ್ತು ಹಾರ್ದಿಕ್ ಪಾಂಡ್ಯ ಇಬ್ಬರೂ ನಿಧಾನವಾಗಿ ಇನ್ನಿಂಗ್ಸನ್ನು ಕಟ್ಟುತ್ತಿದ್ದರು.

ಹನ್ನೆರಡನೆಯ ಓವರನ್ನು ನವಾಜ್ ಅವರಿಗೆ ಕೊಡಲಾಯಿತು. ಆ ಓವರಿನಲ್ಲಿ ಮೂರು ಸಿಕ್ಸರುಗಳು ಬಂದವು. ಒಟ್ಟು 20 ರನ್ನುಗಳು ಸೋರಿಹೋದವು. ಆಗ ಭಾರತದ ಮೊತ್ತ 74. ಉಳಿದ 48 ಎಸೆತಗಳಲ್ಲಿ 86 ರನ್ನು ಬೇಕು. ನವಾಜ್ ಅವರ ಪಾಲಿನಲ್ಲಿ ಇನ್ನೊಂದು ಓವರು ಬಾಕಿ ಇತ್ತು.

ಎಡಗೈ ಸ್ಪಿನ್ನರನ ಸಾಮಾನ್ಯ ಎಸೆತವು ಬಲಗೈ ಬ್ಯಾಟ್ಸ್‌ಮನ್ನನಿಂದ ದೂರಕ್ಕೆ ತಿರುಗುತ್ತದೆ. ಶಾಸ್ತ್ರದ ಪ್ರಕಾರ ಇದು ಬೌಲರಿಗೆ ಅನುಕೂಲವಾದ ಜೋಡಿ. ಆದರೆ ಪಿಚ್ಚಿನಲ್ಲಿ ಬೇರೂರಿ ನಿಂತಿದ್ದ ಇಬ್ಬರು ಬಲಗೈ ಆಟಗಾರರು ಆ ಶಾಸ್ತ್ರವನ್ನು ಮೂರು ಸಲ ಬೌಂಡರಿಯಾಚೆಗೆ ಹಾರಿಸಿದ್ದರು. ಮುಂದಿನ ಓವರುಗಳನ್ನು ಬಾಬರ್ ಇತರ ಬೌಲರುಗಳಿಗೆ ಕೊಟ್ಟರು. ನವಾಜ್ ಅವರನ್ನು ಹಿಂದಕ್ಕೆ ಇಟ್ಟರು.

ಹಾಗೆ ಮಾಡಿದುದು ಅವಿವೇಕವೆಂದು ಹೇಳಲಾಗದು. ವೇಗದ ಬೌಲರುಗಳು ಕೊಹ್ಲಿಯನ್ನೋ ಪಾಂಡ್ಯರನ್ನೋ ಔಟ್ ಮಾಡಿದ್ದರೆ, ಅಥವಾ ಕೊನೆಯ ಓವರಿಗೆ ಮೂವತ್ತು ರನ್ನು ಉಳಿಯುವಂತೆ ಮಾಡಿದ್ದರೆ, ಆ ಓವರನ್ನು ಯಾರು ಎಸೆದರೂ ಚಿಂತೆ ಇರುತ್ತಿರಲಿಲ್ಲ. ಮೂರು ಓವರುಗಳು ಉಳಿದಿದ್ದಾಗ 48 ರನ್ನು ಬೇಕಾಗಿದ್ದಿತು. ಯೋಜನೆ ಫಲಿಸಿದಂತೆಯೇ ತೋರುತ್ತಿತ್ತು. ಆದರೆ ಅಫ್ರಿದಿಯವರ ಹದಿನೆಂಟನೆಯ ಓವರಿನಲ್ಲಿ 17 ರನ್ನು ಬಂದವು. ರವೂಫ್ ಅವರ ಹತ್ತೊಂಬತ್ತನೆಯ ಓವರಿನ ಕೊನೆಯ ಎರಡು ಎಸೆತಗಳನ್ನು ಕೊಹ್ಲಿ ಸಿಕ್ಸರುಗಳಾಗಿ ಬಾರಿಸಿದರು. ಆ ಓವರಿನ ಮೊತ್ತ 15. ಈಗ ಬೇಕಾದುದು 16. ಉಳಿದಿದ್ದವರು ನವಾಜ್ ಒಬ್ಬರೇ. ಉಳಿದ ನಾಲ್ವರ ಪಾಲು ಮುಗಿದಿತ್ತು.

ಆ ಓವರಿನ ಮೊದಲ ಎಸೆತದಲ್ಲಿಯೇ ಪಾಂಡ್ಯ ಔಟಾದರು. ಆದರೂ ಒಂದು ನೋಬಾಲಿಗೆ ಸಿಕ್ಸರು, ಎರಡು ವೈಡುಗಳು, ಫ್ರೀ ಹಿಟ್ಟಿನಲ್ಲಿ ವಿಕೆಟ್ಟಿಗೆ ತಗುಲಿದ ಚೆಂಡಿನಿಂದ ಮೂರು ಬೈಗಳು, ಹೀಗೆ ರನ್ನುಗಳು ಕೂಡಿ, ಕೊನೆಯ ಎಸೆತದಲ್ಲಿ ಭಾರತ ಗೆದ್ದಿತು. ನವಾಜ್ ಅವರಿಗೆ ಆ ಓವರಿನಲ್ಲಿ ಎರಡು ವಿಕೆಟ್ಟುಗಳೂ ದೊರೆತವು. ಬೌಲರನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಏಳರಿಂದ ಹದಿನೈದರವರೆಗಿನ ಓವರುಗಳಿಗಾಗಿ ಪಳಗಿದ ಕೈಗೆ ಇಪ್ಪತ್ತನೆಯ ಓವರನ್ನು ಒಪ್ಪಿಸಿದಾಗ ಒದಗುವ ಕಷ್ಟವಿದು. ಹಿಂದಕ್ಕೆ ಇಟ್ಟ ಓವರು ಮಾಯವಾಗುವುದಿಲ್ಲ. ಸಾಲದಂತೆ ಮುಂದಕ್ಕೆ ಸರಿಯುತ್ತ, ಪ್ರತಿ ಓವರಿಗೂ ಬಡ್ಡಿ ಬೆಳೆಸಿಕೊಂಡು, ಕಟ್ಟಕಡೆಗೆ ಬಾಗಿಲಲ್ಲಿ ಬಂದು ನಿಲ್ಲುತ್ತದೆ.

ಆರನೆಯ ಕೈ

ಬಾರ್ಬಡೋಸಿನ ಅಂತಿಮ ಪಂದ್ಯದಲ್ಲಿ ಭಾರತದ ನಾಯಕ ರೋಹಿತ್ ಶರ್ಮಾ. ತಂಡದ ತರಬೇತುದಾರರು ಕನ್ನಡಿಗರಾದ ರಾಹುಲ್ ದ್ರಾವಿಡ್. ಭಾರತ 176 ರನ್ನು ಗಳಿಸಿತ್ತು. ದಕ್ಷಿಣ ಆಫ್ರಿಕಕ್ಕೆ 177 ಬೇಕು.

ರೋಹಿತ್ ಅವರ ಬಳಿ ಬುಮ್ರಾ, ಅರ್ಷ್‌ದೀಪ್ ಸಿಂಗ್ ಮತ್ತು ಹಾರ್ದಿಕ್ ಪಾಂಡ್ಯ ಎಂಬ ಮೂವರು ವೇಗದ ಬೌಲರುಗಳೂ, ಅಕ್ಷರ್ ಪಟೇಲ್, ಕುಲದೀಪ್ ಯಾದವ್, ರವೀಂದ್ರ ಜಡೇಜ ಎಂಬ ಮೂವರು ಸ್ಪಿನ್ ಬೌಲರುಗಳೂ ಇದ್ದರು. ಒಟ್ಟು ಆರು ಮಂದಿ. ಆರು ನಾಲ್ಕಲಿ ಇಪ್ಪತ್ತನಾಲ್ಕು. ಬೇಕಾದುದು ಇಪ್ಪತ್ತೇ ಆದುದರಿಂದ ನಾಲ್ಕು ಓವರುಗಳು ಮಿಗುತ್ತಿದ್ದವು. ಆರನೆಯ ಬೌಲರೆಂದರೆ ಇನ್ನೊಬ್ಬ ಬೌಲರು ಎಂದಷ್ಟೇ ಅಲ್ಲ. ಸೋಲುತ್ತಿರುವ ಬೌಲರನ್ನು ಕೈಬಿಡುವ ಸ್ವಾತಂತ್ರ್ಯ. ಬಾಬರ್ ಅವರಿಗೆ ಆ ದಿನ ಇಲ್ಲದೆಹೋದುದು ಈ ಸ್ವಾತಂತ್ರ್ಯವೇ.

ಇದರ ಉಪಯೋಗವು ಜಡೇಜರ ವಿಷಯದಲ್ಲಿ ಕಂಡುಬಂದಿತು. ಕ್ವಿಂಟನ್ ಡಿ ಕಾಕ್ ಮತ್ತು ಡೇವಿಡ್ ಮಿಲ್ಲರ್ ಇಬ್ಬರೂ ಎಡಗೈ ಬ್ಯಾಟ್ಸ್‌ಮನ್ನರು. ಜಡೇಜರಂಥ ಎಡಗೈ ಸ್ಪಿನ್ನರನ ಚೆಂಡು ಎಡಗೈ ಆಟಗಾರನ ಮೈಯ ಕಡೆಗೇ ತಿರುಗಿ ಬರುತ್ತದೆ. ತಿರುಗಿದ ದಿಕ್ಕಿಗೇ ಬ್ಯಾಟು ಬೀಸುವುದು ಸುಲಭ. ಒಂದು ಓವರಿನಲ್ಲಿ 12 ರನ್ನು ಹೋಗುತ್ತಲೇ ಜಡೇಜರನ್ನು ಮತ್ತೆ ಕರೆಯಲಿಲ್ಲ. ಅವರ ಪಾಲಿನ ಮೂರು ಓವರುಗಳು ಹಾಗೆಯೇ ಉಳಿದುಹೋದವು. ಸ್ಕೋರು ಪುಸ್ತಕದಲ್ಲಿ ಜಡೇಜರ ಒಂದು ಓವರು, ಪಾಂಡ್ಯರ ಮೂರು ಓವರು ಎಂದು ಕಾಣುವುದು ನಿಜವಾಗಿ ಒಬ್ಬ ಐದನೆಯ ಬೌಲರನ ನಾಲ್ಕು ಓವರುಗಳು, ಇಬ್ಬರು ಹಂಚಿಕೊಂಡವು.

ಹದಿನಾಲ್ಕು ಓವರುಗಳಾದಾಗ ದಕ್ಷಿಣ ಆಫ್ರಿಕದ ಮೊತ್ತ ನಾಲ್ಕು ವಿಕೆಟ್ಟುಗಳಿಗೆ 123. ಉಳಿದ 36 ಎಸೆತಗಳಲ್ಲಿ 54 ರನ್ನು ಬೇಕು. ಪಿಚ್ಚಿನಲ್ಲಿದ್ದವರು ಬಲಗೈಯ ಹೆನ್ರಿಕ್ ಕ್ಲಾಸೆನ್ ಮತ್ತು ಎಡಗೈಯ ಮಿಲ್ಲರ್. ಆಗ ಬುಮ್ರಾ ಅವರಲ್ಲಿ ಎರಡು, ಅರ್ಷ್‌ದೀಪ್ ಅವರಲ್ಲಿ ಒಂದು, ಪಾಂಡ್ಯರಲ್ಲಿ ಮೂರು, ಅಕ್ಷರ್ ಅವರಲ್ಲಿ ಒಂದು ಓವರು ಬಾಕಿ. ಬಯಸಿದ್ದರೆ ಆರು ಓವರುಗಳನ್ನೂ ವೇಗದ ಬೌಲರುಗಳಿಂದಲೇ ಮುಗಿಸಬಹುದಾಗಿತ್ತು. ಆದರೆ ಆರರಲ್ಲಿ ಮೂರನ್ನು ಪಾಂಡ್ಯ ಒಬ್ಬರೇ ಎಸೆಯಬೇಕಾಗುತ್ತಿತ್ತು. ಇನ್ನೊಂದು ಸ್ಪಿನ್ ಓವರನ್ನು ಈಗಲೇ ದಾಟಿಸಿಬಿಟ್ಟರೆ ಕಡೆಯ ಐದಕ್ಕೆ ವೇಗದ ಬೌಲರುಗಳು ಸಡಿಲವಾಗಿ ಸಾಲುತ್ತಾರೆ. ಹದಿನೈದನೆಯ ಓವರು ಅಕ್ಷರ್ ಅವರ ಕೈಗೆ ಹೋಯಿತು.

ಇಲ್ಲಿ ಜೋಡಿಯ ಶಾಸ್ತ್ರ ಮತ್ತೆ ಕೈಕೊಟ್ಟಿತು. ಕ್ಲಾಸೆನ್ ಬಲಗೈಯವರು, ಅಕ್ಷರ್ ಎಡಗೈ ಸ್ಪಿನ್ನರು. ಕಾಗದದ ಮೇಲೆ ಅದು ಬೌಲರಿಗೆ ಒಪ್ಪುವ ಜೋಡಿ. ಆದರೆ ಕ್ಲಾಸೆನ್ ಕ್ರೀಸಿನ ಒಳಕ್ಕೆ ಸರಿದು ನಿಂತು, ಸ್ಪಿನ್ ಚೆಂಡನ್ನು ತಡವಾಗಿ ನೋಡಿ, ಬಲವಾಗಿ ಬೀಸುವುದರಲ್ಲಿ ಹೆಸರಾದವರು. ಎಡಗೈ, ಬಲಗೈ ಎಂಬ ಲೆಕ್ಕವು ಅಪರಿಚಿತ ಆಟಗಾರನಿಗೆ ಅನ್ವಯಿಸುವ ಸ್ಥೂಲ ನಿಯಮ. ಆಟಗಾರನ ಸ್ವಂತ ಅಭ್ಯಾಸ ಗೊತ್ತಿದ್ದಲ್ಲಿ ಆ ಅಭ್ಯಾಸಕ್ಕೇ ಹೆಚ್ಚು ಬೆಲೆ. ಎರಡು ಸಿಕ್ಸರು, ಎರಡು ಬೌಂಡರಿ, ಎರಡು ವೈಡುಗಳು ಸೇರಿ ಆ ಓವರಿನಲ್ಲಿ 24 ರನ್ನು ಬಂದವು. ಈಗ 30 ಎಸೆತಗಳಲ್ಲಿ 30 ರನ್ನು ಬೇಕು. ಆರು ವಿಕೆಟ್ಟುಗಳು ಕೈಯಲ್ಲಿವೆ.

ಐದು ಓವರು, ಮೂವರು ಬೌಲರು

ಆ ನಷ್ಟದ ನಡುವೆಯೂ ರೋಹಿತ್ ಅವರಿಗೆ ಒಂದು ಆಸ್ತಿ ಉಳಿದಿತ್ತು. ಸ್ಪಿನ್ ಓವರುಗಳ ಹಂಗು ಅಲ್ಲಿಗೆ ತೀರಿತ್ತು. ಉಳಿದ ಐದು ಓವರುಗಳಿಗೆ ಬುಮ್ರಾ ಎರಡು, ಅರ್ಷ್‌ದೀಪ್ ಒಂದು, ಪಾಂಡ್ಯ ಎರಡು ಎಂದರೆ ಸರಿಯಾಗಿ ಐದು. ಪ್ರಶ್ನೆಯಿದ್ದುದು ಅನುಕ್ರಮದ್ದು ಮಾತ್ರ.

ವಾಡಿಕೆಯ ಮಾರ್ಗವೆಂದರೆ ಅತ್ಯುತ್ತಮ ಬೌಲರನ್ನು ಹದಿನೇಳು ಮತ್ತು ಹತ್ತೊಂಬತ್ತನೆಯ ಓವರುಗಳಿಗೆ ಉಳಿಸುವುದು. ಹಾಗೆ ಮಾಡಿದ್ದರೆ ಹದಿನಾರನೆಯದನ್ನು ಪಾಂಡ್ಯರೋ ಅರ್ಷ್‌ದೀಪರೋ ಎಸೆಯಬೇಕಾಗುತ್ತಿತ್ತು. ಪ್ರತಿಯೊಬ್ಬ ಬೌಲರೂ ಯಾವ ಓವರು ಎಸೆದರೂ ಅಷ್ಟೇ ರನ್ನು ಕೊಡುವುದಾಗಿದ್ದರೆ ಅನುಕ್ರಮದಿಂದ ಏನೂ ವ್ಯತ್ಯಾಸವಾಗದು; ಐದು ಅಂಕಿಗಳನ್ನು ಹೇಗೆ ಕೂಡಿದರೂ ಮೊತ್ತ ಒಂದೇ. ಆದರೆ ಬ್ಯಾಟ್ಸ್‌ಮನ್ನರು ಅಂಕಿಗಳಲ್ಲ. ಎಸೆತಕ್ಕೊಂದು ರನ್ನು ಸಾಕಾದಾಗ ಅವರು ಆಡುವ ಆಟ ಬೇರೆ. ಎಸೆತಕ್ಕೆ ಎರಡು ಬೇಕಾದಾಗ ಆಡುವ ಆಟ ಬೇರೆ.

ಹದಿನಾರನೆಯ ಓವರಿನಲ್ಲಿ ಕ್ಲಾಸೆನ್ ಇನ್ನು ಹದಿನೈದು ರನ್ನು ಹೊಡೆದಿದ್ದರೆ, ಬೇಕಾದುದು 24 ಎಸೆತಗಳಲ್ಲಿ 15 ಮಾತ್ರ ಆಗುತ್ತಿತ್ತು. ಆಮೇಲೆ ಬುಮ್ರಾ ಎಷ್ಟೇ ಬಿಗಿಯಾಗಿ ಎಸೆದರೂ ಅವರ ಎರಡು ಓವರುಗಳನ್ನು ತಾಳ್ಮೆಯಿಂದ ತಡೆದು ನಿಂತು, ಉಳಿದ ಎರಡರಲ್ಲಿ ಗೆಲ್ಲಬಹುದಾಗಿತ್ತು. ಪಂದ್ಯ ಜೀವಂತವಾಗಿರುವಾಗ ಮಾತ್ರ ಉಳಿಸಿದ ಓವರಿಗೆ ಬೆಲೆ. ಈ ಕಾರಣದಿಂದ ಉಳಿತಾಯದ ಗಂಟನ್ನು ಅಲ್ಲಿಯೇ ಬಿಚ್ಚುವುದು ಯುಕ್ತವಾಗಿದ್ದಿತು. ಹದಿನಾರನೆಯ ಓವರನ್ನು ಬುಮ್ರಾ ಎಸೆದರು. ಬಂದುದು 4 ರನ್ನು.

ವಿಕೆಟ್ಟು ಬೀಳಲಿಲ್ಲ. ಆದರೆ ಬೇಕಾದುದು 24 ಎಸೆತಗಳಲ್ಲಿ 26 ಎಂದಾಯಿತು; ಎಸೆತಕ್ಕೊಂದು ರನ್ನೆಂಬ ನೆಮ್ಮದಿ ಹೋಯಿತು. ಬುಮ್ರಾ ಮರು ಓವರನ್ನು ಎಸೆಯುವಂತಿಲ್ಲ. ಹದಿನೆಂಟಕ್ಕೆ ಮತ್ತೆ ಬರುತ್ತಾರೆಂಬುದು ಬ್ಯಾಟ್ಸ್‌ಮನ್ನರಿಗೂ ಗೊತ್ತು. ಆದುದರಿಂದ ರನ್ನು ಕೂಡಿಸಿಕೊಳ್ಳಬೇಕಾದರೆ ನಡುವಿನ ಹದಿನೇಳರಲ್ಲಿಯೇ. ಅದನ್ನು ಎಸೆಯಬಂದವರು ಪಾಂಡ್ಯ. ಅವರ ಮೊದಲ ಎಸೆತ ವೇಗ ಕುಗ್ಗಿದ್ದು, ಆಫ್ ವಿಕೆಟ್ಟಿನಿಂದ ದೂರದಲ್ಲಿದ್ದಿತು. ಅದನ್ನು ಬೆನ್ನಟ್ಟಿ ಬ್ಯಾಟು ಚಾಚಿದ ಕ್ಲಾಸೆನ್, 27 ಎಸೆತಗಳಲ್ಲಿ 52 ರನ್ನು ಗಳಿಸಿದ್ದವರು, ವಿಕೆಟ್ ಕೀಪರ್ ರಿಷಭ್ ಪಂತರಿಗೆ ಕ್ಯಾಚಿತ್ತರು. ಆ ಎಸೆತಕ್ಕೆ ಸ್ವಲ್ಪ ಮುನ್ನ ಪಂತರ ಮೊಣಕಾಲಿನ ಚಿಕಿತ್ಸೆಗಾಗಿ ಆಟ ನಿಂತಿದ್ದುದೂ ಬ್ಯಾಟ್ಸ್‌ಮನ್ನರ ಓಟವನ್ನು ಮುರಿದಿರಬಹುದು. ಓವರಿನ ಮೊತ್ತ 4. ಬೇಕಾದುದು 18ರಲ್ಲಿ 22.

ಹದಿನೆಂಟನೆಯ ಓವರು ಬುಮ್ರಾ ಅವರದು, ಕೊನೆಯದೂ ಹೌದು. ಎರಡೇ ರನ್ನು ಕೊಟ್ಟು ಮಾರ್ಕೊ ಯಾನ್ಸೆನ್ನರನ್ನು ಬೌಲ್ಡ್ ಮಾಡಿದರು. 12 ಎಸೆತಗಳಲ್ಲಿ 20. ಹತ್ತೊಂಬತ್ತನೆಯದರಲ್ಲಿ ಅರ್ಷ್‌ದೀಪ್ 4 ರನ್ನು ಕೊಟ್ಟರು. ಒಂದು ಓವರಿಗೆ 6 ರನ್ನು ಸಾಕಾಗಿದ್ದ ಸ್ಥಿತಿಯಿಂದ ನಾಲ್ಕು ಓವರುಗಳಲ್ಲಿ 16 ಬೇಕಾದ ಸ್ಥಿತಿ ಬಂದೊದಗಿತು. ಆ ನಾಲ್ಕು ಓವರುಗಳಲ್ಲಿ ಒಟ್ಟು ಬಂದವು 14 ರನ್ನು.

ಇಪ್ಪತ್ತನೆಯ ಓವರಿಗೆ ಬುಮ್ರಾ ಇರಲಿಲ್ಲ. ಮೊದಲೇ ವೆಚ್ಚ ಮಾಡಿದುದಕ್ಕೆ ತೆರಬೇಕಾದ ಬೆಲೆ ಇದು. ಆದರೆ ಉಳಿದವರು ಮೆಲ್ಬರ್ನಿನಂತೆ ಸ್ಪಿನ್ ಬೌಲರಲ್ಲ, ಪಾಂಡ್ಯ. ಮೊದಲ ಎಸೆತವು ಫುಲ್ ಟಾಸಾಗಿ ಹೋಯಿತು; ಮಿಲ್ಲರ್ ಅದನ್ನು ಎತ್ತಿ ಹೊಡೆದರು; ಬೌಂಡರಿಯ ಗೆರೆಯ ಬಳಿ ಸೂರ್ಯಕುಮಾರ್ ಯಾದವ್ ಹಿಡಿದು, ಗೆರೆ ದಾಟುವ ಮುನ್ನ ಮೇಲಕ್ಕೆಸೆದು, ಒಳಕ್ಕೆ ಬಂದು ಮತ್ತೆ ಹಿಡಿದರು. ಓವರಿನ ಒಟ್ಟು ಮೊತ್ತ 8. ಭಾರತ 7 ರನ್ನುಗಳಿಂದ ಗೆದ್ದಿತು.

ಆ ಕ್ಯಾಚು ಕೈತಪ್ಪಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತೆಂದು ಯಾರಾದರೂ ಹೇಳಿದರೆ ಅದು ನಿಜವೇ. ಓವರುಗಳ ಹಂಚಿಕೆಯಿಂದ ಪಂದ್ಯ ಗೆಲ್ಲಲಾಗದು. ಯೋಗ್ಯನಾದ ಬೌಲರು ಯೋಗ್ಯವಾದ ಸಮಯದಲ್ಲಿ ಚೆಂಡು ಹಿಡಿದು ನಿಲ್ಲುವಂತೆ ಮಾಡಬಹುದು, ಅಷ್ಟೆ. ಉಳಿದುದು ಅವನ ಕೈಯಲ್ಲಿದೆ, ಫೀಲ್ಡರನ ಕೈಯಲ್ಲಿದೆ.

ಪಂದ್ಯ ನೋಡುವ ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಹನ್ನೆರಡನೆಯ ಓವರು ಮುಗಿದೊಡನೆ ಒಂದು ಚೀಟಿಯ ಮೇಲೆ ಪ್ರತಿಯೊಬ್ಬ ಬೌಲರ ಹೆಸರಿನ ಮುಂದೆ ಅವನಲ್ಲಿ ಉಳಿದ ಓವರುಗಳನ್ನು ಬರೆಯಬೇಕು. ಕೂಡಿದ ಮೊತ್ತ ಸರಿಯಾಗಿ ಎಂಟೇ ಆದರೆ ನಾಯಕನಿಗೆ ಕೈಬಿಡುವ ಸ್ವಾತಂತ್ರ್ಯವಿಲ್ಲ. ಎಂಟಕ್ಕಿಂತ ಹೆಚ್ಚಾದರೆ ಉಂಟು. ಆಮೇಲೆ ಆ ಪಟ್ಟಿಯಲ್ಲಿ ಕಡೆಯ ಓವರುಗಳಿಗೆ ಒಲ್ಲದ ಬೌಲರ ಓವರುಗಳು ಎಷ್ಟಿವೆಯೆಂದು ನೋಡಬೇಕು. ಅವು ಹದಿನಾರನೆಯ ಓವರಿನೊಳಗೆ ತೀರುತ್ತಿವೆಯೋ, ಇಲ್ಲವೆ ಮುಂದಕ್ಕೆ ಸರಿಯುತ್ತಿವೆಯೋ ಎಂಬುದನ್ನು ಗಮನಿಸಿದರೆ ಸಾಕು. ಇಪ್ಪತ್ತನೆಯ ಓವರಿಗೆ ಚೆಂಡು ಹಿಡಿದು ಬರುವವನು ಯಾರೆಂಬುದು ನಾಲ್ಕೈದು ಓವರು ಮೊದಲೇ ತಿಳಿದುಬರುತ್ತದೆ.